ಮಧ್ಯಾಹ್ನ ಆರಿಸಬಾರದ ಭಟ್ಟಿ

ಬೇಕರಿಯ ಕರೆಂಟ್ ಬಿಲ್ ಬಂದ ದಿನ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ನೋಡುತ್ತಿದ್ದದ್ದು ನನ್ನ ಮುಖ. ಕಗ್ಗದಾಸಪುರದ ಆ ಕಟ್ಟಡದಲ್ಲಿ ಕೆಳಗೆ ಬೇಕರಿ, ಮೇಲೆ ನಾವು. ಎರಡಕ್ಕೂ ಬೇರೆ ಬೇರೆ ಮೀಟರ್, ಮೆಟ್ಟಿಲ ಕೆಳಗೆ ಅಕ್ಕಪಕ್ಕದಲ್ಲೇ ಇವೆ. ಆದರೂ ನನ್ನ ಗಂಡ ಬಿಲ್ ಹಿಡಿದು ಮೇಲೆ ಬಂದು, "ಗೀಸರ್ ಎಷ್ಟೊತ್ತು ಹಾಕಿಡ್ತೀಯಾ ನೀನು?" ಎಂದು ಕೇಳುತ್ತಿದ್ದರು. ಗೀಸರ್ ಮೇಲಿನ ಮೀಟರಿನದು, ನಿಮ್ಮ ಕೈಯಲ್ಲಿರುವುದು ಕೆಳಗಿನ ಬಿಲ್ಲು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಬೆಳಗಿನಿಂದ ಕೌಂಟರಿನಲ್ಲಿ ನಿಲ್ಲುವವಳು ನಾನು, ಕೇಕಿಗೆ ಕ್ರೀಮ್ ಹಚ್ಚುವವಳು ನಾನು. ಕರೆಂಟ್ ಎಲ್ಲಿ ಪೋಲಾಗುತ್ತಿದೆ ಎಂದು ನನಗೆ ಕಾಣುತ್ತಿತ್ತು. ಆದರೆ ಭಟ್ಟಿಯ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನನಗಿರಲಿಲ್ಲ. ಅದು ಮಾವನವರ ಸಾಮ್ರಾಜ್ಯ. ಅವರು ಹರೆಯದಲ್ಲಿ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರ ಸೌದೆ ಭಟ್ಟಿಯಲ್ಲಿ ಕೆಲಸ ಕಲಿತವರು. ಅಲ್ಲಿ ಒಂದು ನಿಯಮವಿತ್ತಂತೆ: ಭಟ್ಟಿ ತಣ್ಣಗಾಗಬಾರದು. ಅಷ್ಟು ದಪ್ಪದ ಇಟ್ಟಿಗೆ ಒಮ್ಮೆ ಆರಿತೆಂದರೆ ಮತ್ತೆ ಕಾಯಿಸಲು ಅರ್ಧ ದಿನ, ಅರ್ಧ ಗಾಡಿ ಸೌದೆ. ಅಲ್ಲಿಗೆ ಅದು ಸರಿಯೇ. ಆದರೆ ನಮ್ಮದು ಸ್ವಿಚ್ ಒತ್ತಿದರೆ ಮುಕ್ಕಾಲು ಗಂಟೆಯಲ್ಲಿ ಕಾಯುವ ಕರೆಂಟ್ ಒವನ್. ಅದಕ್ಕೂ ಮಾವ ಅದೇ ನಿಯಮ ಹೇರಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಊದುಬತ್ತಿ ತೋರಿಸಿ ಆನ್ ಮಾಡಿದರೆ, ರಾತ್ರಿ ಶಟರ್ ಎಳೆಯುವ ತನಕ ಆರಿಸುವಂತಿಲ್ಲ. ಮಧ್ಯಾಹ್ನವಿಡೀ ಒಳಗೆ ಒಂದು ಬನ್ನೂ ಇಲ್ಲದೆ ಅದು ಬರೀ ಗಾಳಿಯನ್ನು ಬೇಯಿಸುತ್ತಿತ್ತು.

ಹೀಗಿರುವಾಗ ಕೆ.ಆರ್. ಪುರದ ಕಡೆಯ ಬ್ರೆಡ್ ಫ್ಯಾಕ್ಟರಿಯೊಂದರ ಏಜೆಂಟ್ ಬರತೊಡಗಿದ. "ಒವನ್ ತಲೆನೋವು ಯಾಕೆ ಸಾರ್? ದಿನಾ ಬೆಳಿಗ್ಗೆ ಬ್ರೆಡ್ಡು, ಬನ್ನು, ಪಫ್ಸು ಎಲ್ಲಾ ಕ್ರೇಟಲ್ಲಿ ತಂದು ಇಳಿಸ್ತೀವಿ. ನೀವು ಸುಮ್ನೆ ಮಾರಿ," ಎಂದ. ನನ್ನ ಗಂಡನಿಗೆ ಅದು ಹಿಡಿಸಿತು. ಒವನ್ ಗುಜರಿಗೆ ಹಾಕಿ, ಆ ಜಾಗದಲ್ಲಿ ಇನ್ನೊಂದು ಫ್ರಿಜ್ ಇಡುವುದೆಂದು ಲೆಕ್ಕ ಹಾಕಿದರು. ನಮ್ಮ ಖಾರ ಬನ್ನಿಗೆ ಜನ ಎರಡು ಬಸ್‌ಸ್ಟಾಪ್ ದಾಟಿ ಬರುತ್ತಿದ್ದರು. ಅದು ಹೋದರೆ ನಾವು ಬೇಕರಿಯವರಲ್ಲ, ಬೀದಿಗೊಂದರಂತಿರುವ ಅಂಗಡಿಯವರು. ಅಷ್ಟು ವರ್ಷ ಅಲ್ಲಿ ನಿಂತು ನಾನು ಕಲಿತದ್ದೂ ಗುಜರಿಗೇ.

ಮಾವ ಜಗಳ ಮಾಡುತ್ತಾರೆಂದು ನಾನು ಕಾದೆ. ಅವರು ಟೀ ಲೋಟ ಕೆಳಗಿಟ್ಟು, "ಆಗಲಿ ಬಿಡು. ಕಾಲ ಹಾಗಿದೆ," ಎಂದರು. ಅಷ್ಟೇ.

ನನಗೆ ತಡೆಯಲಾಗಲಿಲ್ಲ. "ಮಾವ, ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಆರ್ಸೋಕೆ ನೀವು ಬಿಡಲ್ಲ. ಪೂರ್ತಿ ಆರ್ಸೋಕೆ ಮಾತ್ರ ಒಪ್ಕೊಂಡ್ಬಿಟ್ರಾ?"

ಮಾವನ ಎದುರು ನಾನು ಅಷ್ಟು ದೊಡ್ಡ ದನಿಯಲ್ಲಿ ಮಾತನಾಡಿದ್ದು ಅದೇ ಮೊದಲು. ಅವರು ತಲೆ ಎತ್ತಿ ನೋಡಿ, "ಆರ್ಸಿ ಮತ್ತೆ ಹಚ್ಚಿದ್ರೆ ಇನ್ನೂ ಜಾಸ್ತಿ ಎಳೆಯುತ್ತಮ್ಮ. ನಿಂಗೊತ್ತಾಗಲ್ಲ," ಎಂದರು.

"ಮೀಟರಿಗೆ ಗೊತ್ತಾಗುತ್ತಲ್ಲ, ಅದನ್ನೇ ಕೇಳೋಣ," ಎಂದೆ.

ಮಾರನೆಯ ದಿನ ಬೆಳಗಿನ ಕೆಲಸ ಮುಗಿದಾಗ ಮಾವನ ಎದುರೇ ಮೀಟರ್ ನೋಡಿದೆ. ಒವನ್ ಎಂದಿನಂತೆ ಉರಿಯಿತು. ಸಂಜೆಯ ಪಫ್ಸ್ ಇಡುವ ಹೊತ್ತಿಗೆ ಇನ್ನೊಮ್ಮೆ ನೋಡಿದೆ. ಅದರ ಮರುದಿನ ಬೆಳಗಿನ ಕೆಲಸ ಮುಗಿದ ಹೊತ್ತಿಗೆ ಮೀಟರ್ ನೋಡಿ, ಒವನ್ ಆರಿಸಿಬಿಟ್ಟೆ. ಸಂಜೆ ಮತ್ತೆ ಆನ್ ಮಾಡಿ, ಪೂರ್ತಿ ಕಾದ ಮೇಲೆಯೇ ಮೀಟರ್ ನೋಡಿದೆವು. ಮತ್ತೆ ಕಾಯಿಸಿದ್ದು ಸೇರಿದರೂ ಹಿಂದಿನ ದಿನದ ಅರ್ಧದಷ್ಟೂ ಓಡಿರಲಿಲ್ಲ. ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು. ಬೇಡ ಎಂದು ಹೇಳಲಿಲ್ಲವಾದ್ದರಿಂದ ನಾನು ಮುಂದುವರಿದೆ. ಗಂಡ ಮಾತ್ರ, "ಒಂದು ಬಿಲ್ಲು ನೋಡ್ತೀನಿ. ಕಮ್ಮಿ ಆಗ್ಲಿಲ್ಲಾಂದ್ರೆ ಕ್ರೇಟ್ ತರಿಸ್ತೀನಿ," ಎಂದು ಗಡುವು ಹಾಕಿದರು.

ಮಾಡಿದ್ದೇನೂ ಮಹಾ ವಿದ್ಯೆಯಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಒವನ್ ಒಳಗಿನ ಬಲ್ಬು ಹೋಗಿ ಯಾವ ಕಾಲವಾಗಿತ್ತೋ, ಬಾಗಿಲಿನ ಗಾಜು ಜಿಡ್ಡು ಹತ್ತಿ ಕಪ್ಪಾಗಿತ್ತು. ಬನ್ನು ಕೆಂಪಾಯಿತೇ ಎಂದು ನೋಡಲು ಎಲ್ಲರೂ ಬಾಗಿಲು ತೆಗೆಯುತ್ತಿದ್ದರು, ತೆಗೆದಾಗಲೆಲ್ಲ ಬಿಸಿ ಮುಖಕ್ಕೆ ರಾಚುತ್ತಿತ್ತು. ಆ ಬಿಸಿಗೂ ನಾವೇ ಕರೆಂಟ್ ಬಿಲ್ ಕಟ್ಟುತ್ತಿದ್ದೆವೆಂದು ಯಾರಿಗೂ ಹೊಳೆದಿರಲಿಲ್ಲ. ಒವನ್ ತಣ್ಣಗಿದ್ದಾಗ ಅಡುಗೆ ಸೋಡಾ ಹಚ್ಚಿ ನೆನೆಸಿ ಗಾಜು ತಿಕ್ಕಿದೆ, ಎಲೆಕ್ಟ್ರಿಷಿಯನ್ ಕರೆಸಿ ಒವನ್ ಬಿಸಿ ತಡೆಯುವಂಥ ಬಲ್ಬು ಹಾಕಿಸಿದೆ.

ಆಮೇಲೆ ಫ್ರಿಜ್ಜು. ಅದನ್ನು ಒವನ್ ಪಕ್ಕದ ಗೋಡೆಗೇ ಒತ್ತಿ ನಿಲ್ಲಿಸಿದ್ದರು, ಪಕ್ಕದ ಸಂದಿಗೆ ಮೈದಾ ಮೂಟೆ ತುರುಕಿದ್ದರು. ಒಂದು ಕಡೆ ಕಾಯಿಸುವುದು, ಪಕ್ಕದಲ್ಲೇ ತಣ್ಣಗೆ ಮಾಡುವುದು, ಎರಡಕ್ಕೂ ದುಡ್ಡು ತೆರುವುದು. ಪ್ಲಗ್ ಕಿತ್ತು ಎಳೆದು ನೋಡಿದರೆ ಹಿಂದಿನ ಜಾಲರಿಯ ಮೇಲೆ ಹಿಟ್ಟು ಕಂಬಳಿಯಂತೆ ಕೂತಿತ್ತು. ಬ್ರಷ್ಷಿನಿಂದ ತೆಗೆದು, ಬೀದಿ ಕಡೆಯ ಗೋಡೆಗೆ ಸರಿಸಿ, ಹಿಂದೆ ಒಂದು ಗೇಣು ಜಾಗ ಬಿಡಿಸಿದೆ. ಬಾಗಿಲಿಗೆ ಪೇಪರ್ ಚೂರು ಸಿಕ್ಕಿಸಿ ಮುಚ್ಚಿ ಎಳೆದರೆ ಸಲೀಸಾಗಿ ಬಂತು. ರಬ್ಬರ್ ಸವೆದಿತ್ತು, ಬದಲಾಯಿಸಿದೆವು.

ಕೆಲಸದ ಸರದಿಯನ್ನೂ ಬದಲಿಸಿದೆ. ಬ್ರೆಡ್ಡಿನ ಹಿಟ್ಟು ಉಬ್ಬಿ ಸಿದ್ಧವಾಗುವ ಹೊತ್ತಿಗೆ ಸರಿಯಾಗಿ ಒವನ್ ಕಾಯಬೇಕು, ಅದಕ್ಕಿಂತ ಮುಂಚೆ ಆನ್ ಮಾಡುವುದು ಬೇಡ. ಜೋರು ಬಿಸಿಯಲ್ಲಿ ಬ್ರೆಡ್ಡು, ಬನ್ನು. ಬಿಸಿ ಇಳಿಸಿ ಕೇಕು, ಬಿಸ್ಕತ್ತು. ಕೊನೆಗೆ ಆರಿಸಿ, ಉಳಿದ ಬಿಸಿಯಲ್ಲಿ ರಸ್ಕು ಒಣಗಿಸುವುದು. ಮೊದಲು ರಸ್ಕಿಗೆಂದೇ ರಾತ್ರಿಯೂ ಉರಿಸುತ್ತಿದ್ದರು. ಈ ಸರದಿಗೆ ಮಾವ ಮುಖ ಸಿಂಡರಿಸಿದರೂ, ರಸ್ಕು ಕಚ್ಚಿ ನೋಡಿ ಇನ್ನೊಂದು ತೆಗೆದುಕೊಂಡರು.

ಬಿಲ್ ಬಂತು. ಗಂಡ ಅಂಗಡಿಯಲ್ಲೇ ನಿಂತು ತಿರುವಿ ತಿರುವಿ ನೋಡಿ, "ಈ ಸಲ ಏನೋ ತಪ್ಪಾಗಿ ಬರೆದಿರ್ಬೇಕು," ಎಂದರು. ಹೆಚ್ಚಾದಾಗ ನನ್ನ ಗೀಸರ್, ಕಡಿಮೆಯಾದಾಗ ಯಾರದೋ ಕೈತಪ್ಪು! ಹಿಂದಿನ ಬಿಲ್ ತಂದು ಪಕ್ಕದಲ್ಲಿಟ್ಟು, ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ಮೀಟರ್ ತೋರಿಸಿದ ಮೇಲೆ ನಂಬಿದರು.

ಆ ವಾರವೇ ಏಜೆಂಟ್ ಬಂದ. "ಸಾರ್, ನಾಳೆಯಿಂದ ಇಳಿಸ್ಲಾ?" ಎಂದು ಕೇಳಿದ. ಗಂಡ ಹಿಂದೆಮುಂದೆ ನೋಡಿ, "ಇಲ್ಲಪ್ಪ, ಬೇಡ. ನಾವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಕರೆಂಟ್ ಇಳಿಸಿದ್ವಿ," ಎಂದರು.

ಕೇಕಿನ ಟ್ರೇ ಒರೆಸುತ್ತಿದ್ದವಳು ತಿರುಗಿ ಹೇಳಿದೆ, "ನಾವಲ್ಲ, ನಾನು."

ಏಜೆಂಟ್ ನನ್ನನ್ನು ನೋಡಿದ, ಗಂಡನನ್ನು ನೋಡಿದ, "ಆಯ್ತು ಮೇಡಂ, ಬರ್ತೀನಿ," ಎಂದು ಬೈಕ್ ಹತ್ತಿದ. ಗಂಡ ಚಿಲ್ಲರೆ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದರು. ಒಂದು ಒಳ್ಳೆಯ ಮಾತು ಬರಬಹುದೆಂದು ನಾನು ಕಾದೆ.

ಒಳಗಿನಿಂದ ಮಾವ ಬಂದು ಕೌಂಟರಿನ ಆ ಕಡೆ ನಿಂತರು. ಗಂಡನ ಕಡೆ ನೋಡಲಿಲ್ಲ. "ಏನಮ್ಮ, ನಾಳೆ ಭಟ್ಟಿ ಎಷ್ಟೊತ್ತಿಗೆ ಹಚ್ಚಲಿ?" ಎಂದು ನನ್ನನ್ನು ಕೇಳಿದರು.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಟ್ರೇ ಪೂರ್ತಿ ಒರೆಸಿ ಮುಗಿಸುವ ತನಕ ಅವರನ್ನು ಅಲ್ಲೇ ನಿಲ್ಲಿಸಿ, ಆಮೇಲೆ ಹೇಳಿದೆ.