ಹಿಮ್ಮಡಿಗೆ ನಾನು ಕಟ್ಟಿದ ದಬ್ಬೆ

ಕೊಯ್ದ ಕುರಿಯನ್ನು ಯಾವುದರ ಬಲದಿಂದ ತಲೆಕೆಳಗಾಗಿ ನೇತುಹಾಕುತ್ತಾರೆ, ಹೇಳಿ ನೋಡೋಣ? ಹಗ್ಗ ಎಂದಿರಾ? ಸೋತಿರಿ. ಹಿಂಗಾಲಿನ ಹಿಮ್ಮಡಿಯ ಮೇಲೊಂದು ದಪ್ಪ ನರವಿದೆ. ಅದಕ್ಕೂ ಎಲುಬಿಗೂ ನಡುವೆ ಸೀಳಿ ಕೋಲು ತೂರಿಸಿದರೆ ಇಡೀ ಕುರಿಯ ಭಾರವನ್ನು ಆ ನರವೇ ತಡೆಯುತ್ತದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ನನ್ನ ಮಗನ ಕಾಲಲ್ಲಿ ಅದೇ ನರ ಹರಿದಾಗ ನನಗೆ ತಿಳಿಯಲಿಲ್ಲ.

ಹಿರಿಯೂರಿನ ಹತ್ತಿರ ನಮ್ಮೂರು. ನನ್ನ ಮಗನಿಗೆ ನಲವತ್ತು ದಾಟಿದೆ. ವರ್ಷದಲ್ಲಿ ಕೆಲವು ತಿಂಗಳು ಕುರಿಗಳನ್ನು ಹೊಡೆದುಕೊಂಡು ಊರೂರು ಅಲೆಯುತ್ತಾನೆ. ಒಂದು ಭಾನುವಾರ ಶಾಲೆಯ ಬಯಲಿನಲ್ಲಿ ಹುಡುಗರ ಜೊತೆ ವಾಲಿಬಾಲ್ ಆಡಲು ಹೋದ. ಚೆಂಡಿಗೆ ಹಾರಲು ಕಾಲೂರಿದಾಗ ಒಣಕಟ್ಟಿಗೆ ಮುರಿದಂತೆ ಸದ್ದಾಯಿತಂತೆ. ಯಾರೋ ಹಿಂದಿನಿಂದ ಒದ್ದರೆಂದು ತಿರುಗಿ ಬೈದನಂತೆ. ಹಿಂದೆ ಯಾರೂ ಇರಲಿಲ್ಲ.

ಕುಂಟುತ್ತಾ ನಡೆದೇ ಮನೆಗೆ ಬಂದ. ನಡೆದು ಬಂದವನ ಕಾಲಿಗೆ ದೊಡ್ಡದೇನೂ ಆಗಿರುವುದಿಲ್ಲ ಎಂದು ನಾನು ತೀರ್ಪು ಕೊಟ್ಟೆ. ಕುರಿಗಳ ಮುರಿದ ಕಾಲಿಗೆ ದಬ್ಬೆ ಕಟ್ಟಿ ಓಡಿಸಿದವಳು ನಾನು. ಊರಿನ ಮಕ್ಕಳ ಕೈಕಾಲೂ ನನ್ನ ಹತ್ತಿರವೇ ಬರುತ್ತಿದ್ದವು. ಉದ್ದಿನಹಿಟ್ಟು, ಮೊಟ್ಟೆಯ ಬಿಳಿ ಕಲಸಿ ಬಳಿದು, ಪಾದವನ್ನು ಮೇಲಕ್ಕೆಳೆದು ನೆಟ್ಟಗೆ ಹಿಡಿದು, ಬಿದಿರಿನ ದಬ್ಬೆ ಬಿಗಿದೆ. ಅವನು ಹಲ್ಲುಕಚ್ಚಿದ. ನೋವಾದರೆ ಸರಿಹೋಗುತ್ತಿದೆ ಎಂದರ್ಥ ಅಂದೆ.

ಆರನೆಯ ದಿನಕ್ಕೂ ಊತ ಇಳಿಯಲಿಲ್ಲ, ಹಿಮ್ಮಡಿಯೆಲ್ಲ ನೀಲಿ. ಸೊಸೆ ನನ್ನ ಮಾತು ಕೇಳದೆ ಗಂಡನನ್ನು ಬಸ್ಸಿಗೆ ಹತ್ತಿಸಿ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ನಾನೂ ಹತ್ತಿದೆ.

ಎಲುಬಿನ ಡಾಕ್ಟರಮ್ಮ ಅವನನ್ನು ಬೋರಲು ಮಲಗಿಸಿ ಒಳ್ಳೆಯ ಕಾಲಿನ ಮೀನಖಂಡವನ್ನು ಹಿಂಡಿದಳು. ಪಾದ ತಾನಾಗಿ ಕೆಳಗೆ ಬಾಗಿತು. ಇನ್ನೊಂದು ಕಾಲನ್ನು ಹಿಂಡಿದಳು. ಪಾದ ಅಲುಗಲಿಲ್ಲ. ಹರಿದದ್ದು ಕುರಿ ನೇತುಹಾಕುವ ಆ ನರವೇ ಎಂದು ಅಷ್ಟರಲ್ಲೇ ನನಗೆ ಅರ್ಥವಾಯಿತು. ದಬ್ಬೆ ಕಟ್ಟಿದ್ದು ಯಾರು ಎಂದು ಕೇಳಿದಳು. ನಾನು ಫ್ಯಾನು ನೋಡಿದೆ.

"ನಮ್ಮವ್ವ. ಊರಿಗೆಲ್ಲ ಅವಳೇ ಕಟ್ಟದು," ಅಂದ ಮಗ, ಹೆಮ್ಮೆಯಿಂದ.

ಈ ನರ ಹರಿದಾಗ ಪಾದವನ್ನು ತುದಿಗಾಲಲ್ಲಿ ನಿಂತಂತೆ ಕೆಳಕ್ಕೆ ಚಾಚಿಡಬೇಕಂತೆ. ಆಗ ಹರಿದ ತುದಿಗಳು ಹತ್ತಿರ ಬರುತ್ತವೆ. ನಾನು ಮೇಲಕ್ಕೆಳೆದು ಕಟ್ಟಿ ಅವನ್ನು ಐದಾರು ದಿನ ದೂರವೇ ಇಟ್ಟಿದ್ದೆ. ಸ್ಕ್ಯಾನಿನಲ್ಲಿ ಪಾದ ಚಾಚಿ ನೋಡಿದರೂ ನಡುವೆ ಸಂದು ಉಳಿದಿತ್ತು. ಮೊದಲ ದಿನವೇ ಬಂದಿದ್ದರೆ ಬರೀ ಸಿಮೆಂಟ್ ಪಟ್ಟಿಯಲ್ಲೇ ಚೆನ್ನಾಗಿ ಕೂಡುತ್ತಿತ್ತೇನೋ ಎಂದಳು. ಈಗ ಪಟ್ಟಿ ಹಾಕಿದರೆ ಗಾಯವಿಲ್ಲ, ಆದರೆ ನರ ಉದ್ದವಾಗಿ ಸಡಿಲಾಗಿ ಕೂಡಬಹುದು, ಏರು ಹತ್ತುವ ಕಸುವು ಕುಂದಬಹುದು. ಕೊಯ್ದು ಹೊಲಿದರೆ ಸರಿಯಾದ ಅಳತೆಗೆ ಸೇರಿಸಬಹುದು. ಆದರೆ ಅಲ್ಲಿ ಚರ್ಮ ತೆಳು, ಇವನಿಗೆ ಸಕ್ಕರೆ ಕಾಯಿಲೆ, ಮೇಲೆ ಬೀಡಿ; ಗಾಯ ಮಾಯದೆ ಕೀವಾಗಬಹುದು.

ಮಾಯದ ಗಾಯ ಎಂದರೇನೆಂದು ನನಗೆ ಗೊತ್ತು. ನನ್ನ ಯಜಮಾನರಿಗೂ ಸಕ್ಕರೆ. ಹೆಬ್ಬೆರಳಿನ ಸಣ್ಣ ಗಾಯಕ್ಕೆ ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಅವರೇ ಹೋದರು. ಪಟ್ಟಿಯೇ ಸಾಕು ಎಂದು ವರಾಂಡದಲ್ಲಿ ಮಗನ ಕೈ ಹಿಡಿದು ಅತ್ತೆ.

"ಗುಡ್ಡ ಹತ್ತದ ಕಾಲು ಇಟ್ಕಂಡು ಕುರಿ ಹಿಂದೆ ಹೆಂಗವ್ವ ಹೋಗ್ಲಿ?" ಅಂದ. ಡಾಕ್ಟರಮ್ಮನಿಗೆ ಹೊಲಿಯಿರಿ ಎಂದು ಹೇಳಿಬಿಟ್ಟ.

ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿ ನಾಲ್ಕನೆಯ ದಿನ ಆಪರೇಷನ್ ಮಾಡಿದರು. ನರವೇನೋ ಚೆನ್ನಾಗಿ ಕೂಡಿತು. ಆದರೆ ಹೊಲಿಗೆ ಬಿಚ್ಚಿದ ದಿನ ಗಾಯದ ಅಂಚು ಕಪ್ಪಾಗಿತ್ತು. ವಾರಕ್ಕೆರಡು ಸಲ ದುರ್ಗಕ್ಕೆ, ಡ್ರೆಸ್ಸಿಂಗಿಗೆ. ಪ್ರತಿ ಸಲ ಬಟ್ಟೆ ಬಿಚ್ಚುವಾಗ ನಾನು ಬಗ್ಗಿ ಕೀವಿನ ವಾಸನೆ ಇದೆಯೇ ಎಂದು ನೋಡುತ್ತಿದ್ದೆ. ಮೂರನೆಯ ತಿಂಗಳಿಗೆ ಗಾಯ ಮುಚ್ಚಿತು. ಈಗ ನಡೆಯುತ್ತಾನೆ. ಆ ಒಂದು ಕಾಲಿನ ಮೇಲೆ ತುದಿಗಾಲಲ್ಲಿ ನಿಲ್ಲು ಎಂದರೆ ಇನ್ನೂ ಆಗುವುದಿಲ್ಲ. ಆ ಕಾಲಿನ ಮೀನಖಂಡ ಸೊರಗಿದೆ. ಪೂರ್ತಿ ಬಲ ಬರುವುದೋ ಇಲ್ಲವೋ, ವರ್ಷ ಕಳೆಯದೆ ಹೇಳಲಾಗದಂತೆ.

ಈ ಸಲ ಕುರಿಗಳನ್ನು ಸೊಸೆ ಮತ್ತು ಅವಳ ತಮ್ಮ ಹೊಡೆದುಕೊಂಡು ಹೊರಟರು. ಮಗ ಬಾಗಿಲಲ್ಲಿ ಕುಳಿತು ಒಂದೊಂದನ್ನೂ ಕಣ್ಣಲ್ಲೇ ಕಳಿಸುತ್ತಿದ್ದ. ನೋಡಲಾರದೆ, ನಾನೂ ಹೋಗುತ್ತೇನೆ, ಅಡುಗೆಗಾದರೂ ಆಗುತ್ತೇನೆ ಎಂದು ಸೀರೆ ಗಂಟು ಕಟ್ಟಿದೆ.

ಅವನು ನನ್ನ ಕಡೆ ತಿರುಗಲಿಲ್ಲ.

"ಹೋಗವ್ವ. ಯಾವುದಾದ್ರೂ ಕುರಿ ಕುಂಟಿದ್ರೆ ಮಾತ್ರ ನೀನು ಮುಟ್ಬೇಡ."