ಹಂಚಿನಮನಿಯವರ ಕೊನೆಯ ಸಾಲು

ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲಿ ಕ್ವಾಲಿಟಿ ನೋಡುವವರು ನೀಲಕಂಠ ಹಂಚಿನಮನಿ. ಇಪ್ಪತ್ತೆಂಟು ವರ್ಷದ ಸರ್ವಿಸು. ಬೆರಳಿಂದ ತಟ್ಟಿ ಎರಕ ಹೊಯ್ದ ಕಾಸ್ಟಿಂಗಿನ ಹುಳುಕು ಹೇಳಬಲ್ಲ ಮನುಷ್ಯ, ಇಂಗ್ಲಿಷ್ ಪತ್ರ ಮಾತ್ರ ಕನ್ನಡದಲ್ಲೇ ಬರೆಯುತ್ತಿದ್ದರು. ಅಕ್ಷರ ಇಂಗ್ಲಿಷ್, ನಡಿಗೆ ಕನ್ನಡದ್ದು. ಕಾರಣ ಮೊದಲು, ಅದರ ಕಾರಣ ಅದಕ್ಕೂ ಮೊದಲು, ಕ್ರಿಯಾಪದ ಎಲ್ಲರ ಊಟ ಮುಗಿದ ಮೇಲೆ. ಅದನ್ನು ತಿದ್ದುವುದು ಆಫೀಸಿನಲ್ಲಿ ನನ್ನ ಕೆಲಸ. ಕೊನೆಯ ಪದದ ಮೇಲೆ ಬೆರಳಿಟ್ಟು, ‘ಯಾರು?’ ಅಂತ ಕೇಳಿ, ಕ್ರಿಯೆ, ಮಾಡಿದವರು ಎರಡನ್ನೂ ಮುಂದಕ್ಕೆ ತರುವುದು. ಉಳಿದದ್ದು ಹಿಂದೆ ಬರಲಿ.

ಆ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವರು ಕಾಗದ ಹಿಡಿದು ಬಂದರು. ನಲವತ್ತೇಳನೇ ಲಾಟಿನಲ್ಲಿ ಉಳಿದಿದ್ದ ಕಾಸ್ಟಿಂಗುಗಳಿಗೆ ಗಾಳಿ ತುಂಬಿ ನೀರಿಗಿಳಿಸಿದರೆ ಬುಳುಬುಳು ಗುಳ್ಳೆ. ಅದೇ ಲಾಟಿನ ಅರವತ್ತು ಆಗಲೇ ವಿಮಾನದಲ್ಲಿ ಪೋಲೆಂಡಿಗೆ ಹೋಗಿದ್ದವು. ಅಲ್ಲಿ ಬೆಳಗಿನ ಏಳಕ್ಕೆ, ನಮ್ಮ ಹತ್ತೂವರೆಗೆ, ಪಂಪಿಗೆ ಜೋಡಿಸಲು ಶುರು. ಒತ್ತಡ ಕೊಟ್ಟಾಗ ಒಡೆದರೆ ಎದುರು ನಿಂತವನ ಗತಿ? ಫೋನು ಮಾಡಿ ಮಾಡಿ ಸಾಕಾಗಿತ್ತು, ಅಲ್ಲಿನ್ನೂ ಯಾರೂ ಬಂದಿರಲಿಲ್ಲ. ಅಲ್ಲಿನ ಮೇಸ್ತ್ರಿ ಜಿಗ್ಮುಂಟ್ ಬಂದ ಕೂಡಲೇ ಮೇಲ್ ತೆರೆಯುತ್ತಾನೆ, ಆದರೆ ಓದುವುದು ಮೊದಲ ಎರಡು ಸಾಲು. ಅದನ್ನವನು ನಗುತ್ತಲೇ ನನಗೆ ಹೇಳಿದ್ದ.

ಹಂಚಿನಮನಿಯವರ ಕರಡು ಹೀಗಿತ್ತು: ‘ಆಯುಧ ಪೂಜೆಯ ದಿನ ಪರೀಕ್ಷಾ ಯಂತ್ರ ಓಡಿಸುವ ಪದ್ಧತಿ ಇಲ್ಲವಾದ್ದರಿಂದ, ಕಣ್ಣಿನಿಂದಲೇ ನೋಡಿ ಪಾಸಾದ, ಜೊತೆಯವು ಇಲ್ಲಿ ಸೋರುತ್ತಿರುವುದು ಕಂಡುಬಂದ, ನಲವತ್ತೇಳನೇ ಲಾಟಿನ ಅರವತ್ತು ಕಾಸ್ಟಿಂಗುಗಳನ್ನು ದಯವಿಟ್ಟು ಜೋಡಿಸಬೇಡಿ.’ ಇಂಗ್ಲಿಷಿನಲ್ಲೂ ಪದಗಳು ಇದೇ ಸಾಲಿನಲ್ಲಿ ಕುಂತಿದ್ದವು. ‘ಜೋಡಿಸಬೇಡಿ’ ಅನ್ನುವಷ್ಟರಲ್ಲಿ ಜಿಗ್ಮುಂಟ್ ಹತ್ತು ಪಂಪು ಜೋಡಿಸಿರುತ್ತಿದ್ದ.

“ಕಾಕಾ, ‘ಜೋಡಸಬ್ಯಾಡ್ರಿ’ ಮೊದಲ ಬರಬೇಕು. ಆಮ್ಯಾಗ ಯಾವು, ಆಮ್ಯಾಗ ಯಾಕ.”

“ಬ್ಯಾಡ ಶೈಲವ್ವಾ. ಮುಟ್ಟಬ್ಯಾಡ ಅದನ್ನ.”

“ಯಾಕ್ರಿ?”

“ಮೊದಲ ಕಾರಣ ಕೇಳಲಿ ಅವ. ಪೂಜಿ ಇತ್ತು, ಮಷಿನ್ನಿಗೆ ಕುಂಕುಮ ಹಚ್ಚಿತ್ತು, ಕುಂಬಳಕಾಯಿ ಒಡದಿತ್ತು. ಇಷ್ಟು ಕೇಳಿ ತಪ್ಪಿಗೆ ಬಂದ್ರ ಮನಸು ಮೆತ್ತಗಾಗಿರತೈತಿ. ನೀ ಬರೇ ತಪ್ಪ ತಂದು ಬಾಗಲದಾಗ ನಿಂದರಸ್ತಿ.”

ಆಗ ತಿಳಿಯಿತು. ‘ಪಾಸಾದ’ ಅಂದರೆ ಅವು ತಾವಾಗಿ ಪಾಸಾಗಿರಲಿಲ್ಲ. ಪೂಜೆಯ ದಿನ ಯಂತ್ರ ಮುಟ್ಟಬಾರದು, ಮರುದಿನ ವಿಮಾನಕ್ಕೆ ಒಯ್ಯುವ ಲಾರಿ ಬರುವುದಿತ್ತು. ಇವರು ಕಣ್ಣಲ್ಲೇ ನೋಡಿ ಸಹಿ ಹಾಕಿದ್ದರು. ಮೂರು ತಿಂಗಳಲ್ಲಿ ನಿವೃತ್ತಿ. ಮಾಲಕರಿಗೆ ಇನ್ನೂ ಗೊತ್ತಿಲ್ಲ.

ನನಗೆ ಸಿಟ್ಟು ಬಂತು. ಗಡಿಯಾರ ಹತ್ತು ದಾಟಿತ್ತು. ಅವರು ಕಿಟಕಿಗೆ ಹೋಗುವರು, ಬರುವರು, ಕನ್ನಡಕ ಒರೆಸುವರು. ನಾನು ‘ಜೋಡಿಸಬೇಡಿ’ಯನ್ನು ಸಾಲಿನ ತಲೆಗೆ ತಂದೆ, ಲಾಟಿನ ಸಂಖ್ಯೆ ಅದರ ಬೆನ್ನಿಗೆ. ‘ಜೊತೆಯವು ಇಲ್ಲಿ ಸೋರಿವೆ’ ಅನ್ನುವುದನ್ನು ಬಿಡಿಸಿ ಬೇರೆ ವಾಕ್ಯ ಮಾಡಿದೆ. ಪೂಜೆಯ ಮಾತು ಕೊನೆಗಿಳಿಯಿತು. ಉಳಿದದ್ದು ‘ಪಾಸಾದ’ ಒಂದೇ.

“ಕಾಕಾ, ‘ಪಾಸಾಗಿದ್ದವು’ ಅಂತನೂ ಬರೀಬಹುದ್ರಿ. ಇಂಗ್ಲಿಷಿನ್ಯಾಗೂ ಹಂಗ ಬರೀತಾರ. ಯಾರ ಹೆಸರೂ ಬ್ಯಾಡ.”

ಅವರು ನನ್ನನ್ನೇ ನೋಡಿದರು. ಟೈಮು ಹತ್ತೂ ಹನ್ನೆರಡು.

“ಹೆಸರು ಇಲ್ಲಂದ್ರ ಅವ್ರು ಯಾರನ್ನ ಹಿಡೀತಾರ?”

“ಟೆಸ್ಟಿಂಗ್ ಮಷಿನ್ನಿನ ದುರ್ಗಪ್ಪನ್ನ. ಮತ್ತ್ಯಾರನ್ರಿ.”

ದುರ್ಗಪ್ಪ ಆ ದಿನ ಯಂತ್ರಕ್ಕೆ ಹೂವಿನ ಮಾಲೆ ಹಾಕಿದ್ದನೇ ಹೊರತು ಬೇರೇನೂ ಮಾಡಿರಲಿಲ್ಲ. ಹಂಚಿನಮನಿಯವರು ಕುರ್ಚಿ ಎಳೆದು ಕುಳಿತರು. “ಬರಿ,” ಅಂದರು. “‘ನಾನು ಪಾಸು ಮಾಡಿದೆ.’ ನನ್ನ ಹೆಸರು ಹಾಕು. ಮಾಲಕರಿಗೂ ಒಂದು ಕಾಪಿ ಹೋಗಲಿ.”

“ಪೂಜಿ ಮಾತು?”

“ಇರಲಿ, ಕಡೀಗೆ. ಓದಿದ್ರ ಓದಲಿ, ಬಿಟ್ರ ಬಿಡಲಿ.”

ಹತ್ತೂ ಹದಿನೈದಕ್ಕೆ ಕಳಿಸಿದೆ. ಆಮೇಲಿನ ಅರ್ಧ ತಾಸು ಇಬ್ಬರೂ ಕೂತಲ್ಲಿ ಕೂರಲಿಲ್ಲ. ಚಹಾ ಬಂದು ಆರಿತು. ಮಾಲಕರ ಫೋನು ಎರಡು ಸಲ ಬಂತು, ಹಂಚಿನಮನಿಯವರು ಎತ್ತಿ ‘ಹೂಂ ಸಾಹೇಬ್ರ, ನಾನ’ ಅಂದದ್ದಷ್ಟೇ ಕೇಳಿಸಿತು. ಸಹಿ ಮಾಡುವ ಹಕ್ಕು ಆ ಸಂಜೆಯೇ ಹೋಯಿತು. ಉಳಿದ ಮೂರು ತಿಂಗಳು ಅವರು ತಮ್ಮ ಜಾಗಕ್ಕೆ ಬಂದ ಹೊಸ ಹುಡುಗಿಯ ಪಕ್ಕ ನಿಂತು ಕೆಲಸ ಕಲಿಸಿದರು.

ಆ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಜಿಗ್ಮುಂಟನ ಉತ್ತರ ಬಂತು. ನಾನು ಓದಿ ಹೇಳಿದೆ: “‘ನಿಲ್ಲಿಸಿದ್ದೇವೆ. ಒಂದೂ ಜೋಡಿಸಿಲ್ಲ.’ ಇಷ್ಟ ಐತ್ರಿ.”

ಹಂಚಿನಮನಿಯವರು ಮುಖ ಮುಚ್ಚಿಕೊಂಡು ಸುಮಾರು ಹೊತ್ತು ಅತ್ತರು. ಆಮೇಲೆ ಆರಿದ ಚಹಾ ಒಂದೇ ಗುಟುಕಿಗೆ ಕುಡಿದು ಅಂದರು: “ಮೊದಲ ಹೇಳಿಬಿಟ್ಟ ನೋಡವಾ. ಪುಣ್ಯಾತ್ಮ, ನನ್ನಂಗ ಕಾಯಸಲಿಲ್ಲ.”