ಹದಿನೈದು ಓವರಿನ ಭಾಗಾಕಾರ

ಹಿರಿಯೂರಿನ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ನಡೆದ ವರ್ಷ ಅಂಕಪಟ್ಟಿಯ ಹೊಣೆ ನನ್ನದಾಗಿತ್ತು. ಅಂಕ ಸಮವಾದರೆ ನೆಟ್ ರನ್ ರೇಟ್, ಅಂದರೆ ಓವರಿಗೆ ಸರಾಸರಿ ಹೊಡೆದ ರನ್ನಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದದ್ದು; ಅದೂ ಸಮವಾದರೆ ಪರಸ್ಪರ ಪಂದ್ಯದ ಫಲಿತಾಂಶ. ಹಿಂದೆಲ್ಲ ಹಿರಿಯರ ಮರ್ಜಿಗೆ ಬಿಟ್ಟಿದ್ದ ಈ ತೀರ್ಮಾನವನ್ನು ನಾನೇ ಹಟ ಹಿಡಿದು ನಿಯಮವಾಗಿ ಬರೆದು ಹಲಗೆಗೆ ಅಂಟಿಸಿದ್ದೆ.

ಗುಂಪಿನಿಂದ ಫೈನಲ್‌ಗೆ ಹೋಗುವುದು ಒಂದೇ ತಂಡ. ಊರಿನ ತಂಡಕ್ಕೂ ಧರ್ಮಪುರದವರಿಗೂ ನಾಲ್ಕು ನಾಲ್ಕು ಅಂಕ ಬಂದಿದ್ದವು. ರನ್ ರೇಟ್ ಊರಿನವರದು +0.40, ಧರ್ಮಪುರದವರದು +0.15 ಎಂದು ಲೆಕ್ಕ ಹಾಕಿ ಮೈಕಿನಲ್ಲಿ ಊರಿನ ತಂಡವನ್ನು ಘೋಷಿಸಿದೆ. ಪಟಾಕಿ ಸಿಡಿಯತೊಡಗಿತು.

ಆಗ ಧರ್ಮಪುರದ ನಾಯಕ ಮೇಜಿನ ಬಳಿ ಬಂದ. "ಸಾರ್, ಇವ್ರು ಒಂದ್ ಮ್ಯಾಚಲ್ಲಿ ಹದಿನೈದ್ ಓವರಿಗೇ ಆಲೌಟ್ ಆಗ್ಯಾರೆ. ಆಲೌಟಾದ್ರೆ ಪೂರಾ ಇಪ್ಪತ್ತು ಓವರ್ ಹಿಡೀಬೇಕಲ್ರಿ?"

ಮತ್ತೆ ಭಾಗಿಸಿದೆ. ಮೂರು ಪಂದ್ಯಗಳ 330 ರನ್ನನ್ನು 55 ಓವರಿನಿಂದಲ್ಲ, 60ರಿಂದ ಭಾಗಿಸಬೇಕಿತ್ತು: 5.50. ಬಿಟ್ಟುಕೊಟ್ಟದ್ದು 60 ಓವರಿಗೆ 336, ಅಂದರೆ 5.60. ಊರಿನವರದು ಮೈನಸ್ 0.10.

ಸಮಿತಿಯ ಅಧ್ಯಕ್ಷರು ಹಾಳೆ ನೋಡಿ ದನಿ ತಗ್ಗಿಸಿದರು. "ಸುಮ್ನಿರಪ್ಪ. ಅಲ್ಲಿ ನೋಡು, ನಮ್ ಹುಡುಗ್ರು ಸ್ಟಂಪ್ ಕಿತ್ಕಂಡು ನಿಂತವ್ರೆ. ಧರ್ಮಪುರದೋರ ಟೆಂಪೋ ಊರು ದಾಟಬೇಕಲ್ಲ?"

"ನಿಮ್ ತಂಡ ಮೊದಲು ಹೊರಡಲಿ, ಆಮೇಲೆ ಮೈಕಲ್ಲಿ ಹೇಳ್ತೀನಿ" ಎಂದೆ ನಾಯಕನಿಗೆ.

"ಹೇಳ್ರಿ ಸಾರ್. ಕೇಳಿಸ್ಕಂಡೇ ಹೋಗ್ತೀವಿ."

ಮೈಕು ಹಿಡಿದು ತಪ್ಪು ನನ್ನದೆಂದು ಹೇಳಿ, ತಿದ್ದಿದ ಲೆಕ್ಕ ಓದಿ, ಫೈನಲ್‌ಗೆ ಹೋಗುವುದು ಧರ್ಮಪುರ ಎಂದೆ. ಪಟಾಕಿ ನಿಂತಿತು. ಮೈದಾನಕ್ಕೆ ಇದ್ದದ್ದು ಒಂದೇ ಗೇಟು. ಅದನ್ನು ಯಾರೋ ಒಳಗಿನಿಂದ ಎಳೆದು ಚಿಲಕ ಹಾಕಿದ ಸದ್ದು ನಮ್ಮ ಮೇಜಿನವರೆಗೂ ಕೇಳಿಸಿತು.